ಯಾವ ಮಳೆಗೆ ಫೋನ್ ರಿಂಗಾಗಬೇಕು?

ಯಲಹಂಕದಲ್ಲಿರುವ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರಕ್ಕೆ ರಾಜ್ಯದ ಮೂಲೆಮೂಲೆಯ ಮಳೆಮಾಪಕಗಳಿಂದ 15 ನಿಮಿಷಕ್ಕೊಮ್ಮೆ ಲೆಕ್ಕ ಬರುತ್ತದೆ. ಬೆಂಗಳೂರಿನ ರಾಜಕಾಲುವೆಗಳಲ್ಲೂ ನೀರಿನ ಮಟ್ಟ ಅಳೆಯುವ ಸೆನ್ಸರ್‌ಗಳಿವೆ. ಹೀಗೆ ಬರುವ ಅಂಕಿಗಳಲ್ಲಿ ಹೆಚ್ಚಿನವು ಬೆಳಿಗ್ಗೆ 8.30ಕ್ಕೆ ಮುಗಿಯುವ 24 ಗಂಟೆಯ ಮಳೆ ವರದಿಗೆ ಸೇರಿದರೆ ಸಾಕು. ಕೆಲವು ಮಾತ್ರ ಮಲಗಿದವರನ್ನು ಎಬ್ಬಿಸಬೇಕು. ಯಾವುದು ಯಾವ ದಾರಿ ಹಿಡಿಯಬೇಕೆಂದು ಮೊದಲೇ ಬರೆದಿಟ್ಟ ನಿಯಮವೇ ಇದನ್ನು ತೀರ್ಮಾನಿಸುತ್ತದೆ.

ದಿನದ ಒಟ್ಟು ಮಳೆಯನ್ನೇ ಈ ನಿಯಮಕ್ಕೆ ಆಧಾರ ಮಾಡಿಕೊಂಡರೆ ಲೆಕ್ಕ ತಪ್ಪುತ್ತದೆ. ಹವಾಮಾನ ಇಲಾಖೆಯ ಪ್ರಕಾರ 24 ಗಂಟೆಯಲ್ಲಿ 64.5 ಮಿ.ಮೀ. ದಾಟಿದರೆ ಅದು ಭಾರಿ ಮಳೆ. ಮಾಗಡಿ ರಸ್ತೆಯ ಬ್ಯಾಡರಹಳ್ಳಿಯಲ್ಲಿ ಜಿಟಿಜಿಟಿ ಮಳೆ ರಾತ್ರಿಯಿಡೀ ಹಿಡಿದು 70 ಮಿ.ಮೀ. ಆಯಿತೆನ್ನೋಣ. ಕಾಗದದ ಮೇಲೆ ಅದು ಭಾರಿ ಮಳೆ, ಆದರೂ ಕಾಲುವೆ ಅರ್ಧವೂ ತುಂಬದಿರಬಹುದು. ಏಪ್ರಿಲ್ ಸಂಜೆಯೊಂದರಲ್ಲಿ ಮುಕ್ಕಾಲು ಗಂಟೆ ಸುರಿದು ನಿಂತ 40 ಮಿ.ಮೀ. ಬರೀ ಸಾಧಾರಣ ಮಳೆ, ತಗ್ಗಿನ ಮನೆಗಳಿಗೆ ನೀರು ನುಗ್ಗುವುದು ಮಾತ್ರ ಆವತ್ತೇ. ಮೊದಲನೆಯದು ಬೆಳಗಿನ ವರದಿಗೆ, ಎರಡನೆಯದು ಫೋನಿಗೆ.

ಕಾಲುವೆ ಮುಕ್ಕಾಲು ತುಂಬಿದಾಗ ಕರೆ ಮಾಡುವ ನಿಯಮ ಇದಕ್ಕಿಂತ ವಾಸಿ. ಅದೂ ಸಾಲದು. 2 ಮೀಟರ್ ಆಳದ ಕಾಲುವೆಯೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ನೀರು 15 ನಿಮಿಷಕ್ಕೆ ಅರ್ಧ ಮೀಟರ್ ಏರುತ್ತಿದ್ದರೆ, ಒಂದೂವರೆ ಮೀಟರ್ ಮುಟ್ಟಿದಾಗ ಉಳಿಯುವುದು 15 ನಿಮಿಷ. ಪಂಪು, ಮರಳಿನ ಚೀಲ ಹೇರಿಕೊಂಡು ಸಿಬ್ಬಂದಿ ಬರಲು 20 ನಿಮಿಷ ಬೇಕಿದ್ದರೆ ಆ ಕರೆ ತಡವಾಯಿತು. ಇನ್ನೊಂದು ದಿನ ಅದೇ ಕಾಲುವೆಯಲ್ಲಿ 1.6 ಮೀಟರ್ ನೀರು ಎರಡು ಗಂಟೆಯಿಂದ ಅಲ್ಲಾಡದೆ ನಿಂತಿದ್ದರೆ ಯಾರನ್ನೂ ಎಬ್ಬಿಸಬೇಕಿಲ್ಲ. ಆದ್ದರಿಂದ ನಿಯಮ ಕೇಳಬೇಕಾದ ಪ್ರಶ್ನೆ ಮಟ್ಟ ಎಷ್ಟೆಂಬುದಲ್ಲ, ಈಗಿನ ವೇಗದಲ್ಲಿ ಕಾಲುವೆ ತುಂಬಲು ಎಷ್ಟು ಹೊತ್ತು ಬೇಕೆಂಬುದು. ಆ ಹೊತ್ತು 30 ನಿಮಿಷಕ್ಕೆ ಇಳಿದಾಗ, ಅಂದರೆ ಈ ಉದಾಹರಣೆಯಲ್ಲಿ ನೀರು ಇನ್ನೂ ಒಂದು ಮೀಟರಿನಲ್ಲಿರುವಾಗಲೇ, ಫೋನ್ ಹೋಗಬೇಕು.

ಕರೆ ಎತ್ತದಿದ್ದರೆ ಮುಂದಿನವರಿಗೆ ದಾಟಿಸುವ ಕ್ರಮವೂ ಈ 30 ನಿಮಿಷದೊಳಗೇ ಮುಗಿಯಬೇಕು. ಒಬ್ಬೊಬ್ಬರಿಗೆ ಐದೈದು ನಿಮಿಷ ಕಾದು ನಾಲ್ಕನೆಯವರನ್ನು ತಲುಪುವ ಹೊತ್ತಿಗೆ 15 ನಿಮಿಷ ಹೋಗಿರುತ್ತದೆ, ಸಿಬ್ಬಂದಿಗೆ ಬೇಕಾದ 20 ಉಳಿದಿರುವುದಿಲ್ಲ. ಎರಡೆರಡು ನಿಮಿಷ ಕಾದರೆ ಹೊಂದುತ್ತದೆ. ಫೋನ್ ಎತ್ತಿದ ಮಾತ್ರಕ್ಕೆ ಕರೆ ಮುಟ್ಟಿತೆನ್ನಲಾಗದು, ನಿದ್ದೆಗಣ್ಣಲ್ಲಿ ಎತ್ತಿ ಇಟ್ಟುಬಿಡುವವರೂ ಇರುತ್ತಾರೆ. ಕೇಳಿಸಿಕೊಂಡೆ ಎಂಬುದಕ್ಕೆ ಒಂದು ಅಂಕಿ ಒತ್ತಿಸುವುದು ಅದಕ್ಕಾಗಿಯೇ.

ಸುಳ್ಳು ಕರೆ ಇನ್ನೊಂದು ತಲೆನೋವು. ಮಳೆಮಾಪಕದೊಳಗೆ ತುಂಬಿದಂತೆಲ್ಲ ವಾಲಿ ಖಾಲಿಯಾಗುವ ಪುಟ್ಟ ಬಟ್ಟಲಿರುತ್ತದೆ, ಎಷ್ಟು ಸಲ ವಾಲಿತೆಂಬುದೇ ಮಳೆಯ ಲೆಕ್ಕ. ತೊಳೆಯುವವರು ಬಕೆಟ್ ನೀರು ಸುರಿದರೂ ಅದಕ್ಕೆ ಮಳೆಯೇ. ಎರಡು ಸಲದ ಲೆಕ್ಕ ನೋಡಿಯೇ ಕರೆ ಮಾಡೋಣವೆಂದರೆ ಇನ್ನೂ 15 ನಿಮಿಷ ಕಳೆಯುತ್ತದೆ. ಅದರ ಬದಲು ಮಾಪಕ ಮತ್ತು ಕಾಲುವೆ ಎರಡೂ ಒಟ್ಟಿಗೆ ಏರುತ್ತಿವೆಯೇ ಎಂದು ನೋಡುವುದು ಮೇಲು. ಇದಕ್ಕೂ ಮಿತಿಯಿದೆ. ಮೇಲಿನ ಬಡಾವಣೆಯಲ್ಲಿ ಸುರಿದ ನೀರು ಇಲ್ಲಿ ಹನಿ ಬೀಳದೆಯೂ ಬರಬಹುದು. ಹಾಗಾಗಿ ಹೋಲಿಸಬೇಕಾದದ್ದು ಕಾಲುವೆಯ ಮೇಲ್ಭಾಗದ ಮಾಪಕದೊಂದಿಗೆ.

ಬಟ್ಟಲಿನ ಮೇಲಿನ ಆಲಿಕೆಗೆ ತರಗೆಲೆ ಕಟ್ಟಿಕೊಂಡಾಗ ತಪ್ಪು ಉಲ್ಟಾ ಆಗುತ್ತದೆ: ಹೊರಗೆ ಧೋ ಎನ್ನುವಾಗಲೂ ಮಾಪಕ ಸೊನ್ನೆ ತೋರಿಸುತ್ತದೆ. ಒಣ ದಿನ ಸೊನ್ನೆ ಬಂದರೆ ಸಹಜ. ಸುತ್ತಲಿನ ಮಾಪಕಗಳೆಲ್ಲ ಮಳೆ ಹೇಳುವಾಗ ಒಂದೇ ಒಂದು ಸೊನ್ನೆ ಎಂದರೆ, ಅದು ಬೆಳಗಿನ ವರದಿಯಲ್ಲಿ ದುರಸ್ತಿ ಪಟ್ಟಿಗೆ ಸೇರಬೇಕು. ಆದರೆ ಮಳೆ ನಡುವೆ ಕಾಲುವೆಯ ಸೆನ್ಸರೇ ಮೌನವಾದರೆ ವರದಿಗೆ ಕಾಯುವಂತಿಲ್ಲ, ಅದಕ್ಕೆ ಫೋನೇ.

ಅನುಮಾನವಿದ್ದಾಗಲೆಲ್ಲ ಫೋನ್ ಮಾಡಿಬಿಡೋಣ ಎಂಬ ಎಚ್ಚರಿಕೆಗೆ ಬೆಲೆ ತೆರಬೇಕಾಗುತ್ತದೆ. ವೇಲ್ಸಿನ ಮಿಲ್ಫರ್ಡ್ ಹೇವನ್ ತೈಲ ಸಂಸ್ಕರಣಾಗಾರದಲ್ಲಿ 1994ರ ಜುಲೈ 24ರಂದು ಸ್ಫೋಟವಾಯಿತು. ಅದಕ್ಕೆ ಮುಂಚಿನ 11 ನಿಮಿಷದಲ್ಲಿ ಇಬ್ಬರು ನಿರ್ವಾಹಕರ ಮುಂದೆ 275 ಅಲಾರಂ ಬಂದಿದ್ದವು. ಬೇಕಾದದ್ದು ಬೇಡದ್ದರಲ್ಲಿ ಮುಳುಗಿತ್ತು. ಆಮೇಲೆ ಅಲ್ಲಿ ರೂಪುಗೊಂಡ ಮಾರ್ಗಸೂಚಿ, ಅಲಾರಂಗಳಲ್ಲಿ ಅತಿ ತುರ್ತಿನವು ನೂರಕ್ಕೆ ಐದರಷ್ಟಿರಲಿ, ಎಂಬತ್ತರಷ್ಟು ಕೆಳ ದರ್ಜೆಯಲ್ಲಿರಲಿ ಎನ್ನುತ್ತದೆ.

ಮಳೆಗಾಲ ಮುಗಿದ ಮೇಲೆ ಪ್ರತಿ ಕರೆಗೂ ಯಾರಾದರೂ ಏನಾದರೂ ಮಾಡಿದರೇ ಎಂದು ದಾಖಲೆ ತೆಗೆದು ನೋಡಬೇಕು. ಯಾರೂ ಕದಲದ ಕರೆಯ ನಿಯಮ ಬೆಳಗಿನ ವರದಿಗೆ ಇಳಿಯಲಿ. ನೀರು ನುಗ್ಗಿದರೂ ಕರೆ ಹೋಗಿರದಿದ್ದರೆ ಆ ಕಾಲುವೆಯ 30 ನಿಮಿಷ 45 ಆಗಲಿ.