ಹತ್ತು ಕ್ಲಿಕ್ಕಿನ ಲೆಕ್ಕ

ರಂಗಸ್ಥಳದಲ್ಲಿ ಪುಂಡುವೇಷ ಧೀಂಗಿಣ ಹೊಡೆಯುತ್ತಿತ್ತು. ನನ್ನ ಕ್ಯಾಮೆರಾದ ಪರದೆಯಲ್ಲಿ ಮಾತ್ರ ವೇಷವೇ ಇಲ್ಲ, ಬಣ್ಣದ ಒಂದು ಮಸುಕು ಸುರುಳಿ. ಕ್ಯಾಮೆರಾದ ಜೊತೆಗೇ ಬಂದಿದ್ದ ಜೂಮ್ ಲೆನ್ಸನ್ನು ಪೂರ್ತಿ ಎಳೆದರೆ ಅದರ ಅಪರ್ಚರ್ 5.6ಕ್ಕಿಂತ ಹೆಚ್ಚು ತೆರೆಯುವುದಿಲ್ಲ. ಐಎಸ್ಒ 1600 ಇಟ್ಟು ನೋಡಿದರೆ ಶಟರ್ ಸೆಕೆಂಡಿನ 1/25 ಭಾಗದಷ್ಟು ಹೊತ್ತು ತೆರೆದಿರಲೇಬೇಕು. ಅಷ್ಟರಲ್ಲಿ ಕಲಾವಿದರ ಕೈ ಎಲ್ಲಿಂದ ಎಲ್ಲಿಗೋ ಹೋಗಿರುತ್ತದೆ.

ಪಕ್ಕದಲ್ಲಿ ಕೂತಿದ್ದ ಸ್ಟುಡಿಯೋದ ಹಿರಿಯರು ತಮ್ಮ ಚೀಲದಿಂದ ಪುಟ್ಟ 50 ಮಿ.ಮೀ. ಲೆನ್ಸೊಂದನ್ನು ತೆಗೆದುಕೊಟ್ಟರು. ಅದು 1.8ರವರೆಗೆ ತೆರೆಯುತ್ತದೆ.

“ಶಟರ್ ಎಷ್ಟಕ್ಕೆ ಇಡಲಿ?” ಎಂದೆ.

“ಡಯಲ್ ಎಣಿಸು ಮಾರಾಯ. ಅಪರ್ಚರ್ ಎಷ್ಟು ಕ್ಲಿಕ್ ತೆರೆದೆಯೋ ಶಟರ್ ಅಷ್ಟೇ ಕ್ಲಿಕ್ ಓಡಿಸು.”

ಎಣಿಸಿದೆ. 5.6ರಿಂದ 5, 4.5, 4, 3.5, 3.2, 2.8, 2.5, 2.2, 2, ಕೊನೆಗೆ 1.8. ಹತ್ತು ಕ್ಲಿಕ್. ಶಟರನ್ನೂ ಹತ್ತು ಕ್ಲಿಕ್ ತಿರುಗಿಸಿದಾಗ ಅದು 1/250ಕ್ಕೆ ಬಂದು ನಿಂತಿತು. ಮುಂದಿನ ಧೀಂಗಿಣ ನೆಲದಿಂದ ಮೇಲೆದ್ದ ಹಾಗೆಯೇ ಚಿತ್ರದಲ್ಲಿ ನಿಂತುಬಿಟ್ಟಿತು.

ಚಿತ್ರವೇನೋ ಸಿಕ್ಕಿತು, ಲೆಕ್ಕ ಮಾತ್ರ ತಲೆಗೆ ಹತ್ತಲಿಲ್ಲ. 25ರಿಂದ 250ಕ್ಕೆ ಹೋದರೆ ಹತ್ತು ಪಟ್ಟು. 1.8ರಿಂದ 5.6ಕ್ಕೆ ಮೂರು ಪಟ್ಟಿಗಿಂತ ತುಸು ಹೆಚ್ಚು, ಅಷ್ಟೆ. ಎರಡಕ್ಕೂ ಅದು ಹೇಗೆ ಒಂದೇ ಹತ್ತು ಕ್ಲಿಕ್?

ಛಾಯಾಗ್ರಾಹಕರು ಬೆಳಕನ್ನು ಅಳೆಯುವುದು ಸ್ಟಾಪ್‌ಗಳಲ್ಲಿ. ಈ ಹೆಸರು ಹಳೆಯದು. 1858ರಲ್ಲಿ ಜಾನ್ ವಾಟರ್‌ಹೌಸ್ ಎಂಬಾತ, ಬೇರೆಬೇರೆ ಅಳತೆಯ ತೂತುಗಳಿದ್ದ ಲೋಹದ ತಗಡುಗಳನ್ನು ಲೆನ್ಸಿನ ಸೀಳಿಗೆ ಇಳಿಬಿಡುವ ಏರ್ಪಾಟನ್ನು ಮುಂದಿಟ್ಟ. ಬೆಳಕನ್ನು ತಡೆಯುವ ಆ ತಗಡುಗಳೇ ಸ್ಟಾಪ್‌ಗಳು. ಇಂದು ಅದೇ ಪದ ಒಂದು ಅಳತೆಯಾಗಿದೆ: ಒಂದು ಸ್ಟಾಪ್ ಹೆಚ್ಚಿಸಿದರೆ ಬೆಳಕು ಇಮ್ಮಡಿ, ಒಂದು ಸ್ಟಾಪ್ ತಗ್ಗಿಸಿದರೆ ಅರ್ಧ. ಎರಡು ಸ್ಟಾಪ್ ಎಂದರೆ ನಾಲ್ಕು ಪಟ್ಟು, ಮೂರು ಎಂದರೆ ಎಂಟು ಪಟ್ಟು. ಹೀಗೆ ಎಲ್ಲವೂ ಎರಡರ ಘಾತಗಳು.

ಈಗಿನ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಒಂದು ಕ್ಲಿಕ್ ಎಂದರೆ ಸ್ಟಾಪಿನ ಮೂರನೇ ಒಂದು ಭಾಗ. ಮೂರು ಕ್ಲಿಕ್ ಸೇರಿ ಬೆಳಕು ಇಮ್ಮಡಿಯಾಗಬೇಕಾದರೆ ಪ್ರತಿ ಕ್ಲಿಕ್ಕಿಗೂ ಅದು ಸುಮಾರು 1.26 ಪಟ್ಟು ಏರಬೇಕು. ಆ 1.26ನ್ನು ಹತ್ತು ಸಲ ಗುಣಿಸುತ್ತ ಹೋದರೆ ಹತ್ತರ ಮೇಲೆ ಕೂದಲೆಳೆಯಷ್ಟು ಬರುತ್ತದೆ. ಶಟರ್ ತೆರೆದಿರುವ ಹೊತ್ತಿಗೂ ಬೆಳಕಿಗೂ ನೇರ ಸಂಬಂಧ. ಹೊತ್ತು ಹತ್ತನೇ ಒಂದಾದರೆ ಬೆಳಕೂ ಹತ್ತನೇ ಒಂದು. 25 ಹತ್ತು ಕ್ಲಿಕ್ಕಿಗೆ 250 ಆದದ್ದು ಹೀಗೆ.

ಅಪರ್ಚರಿನ ಸಂಖ್ಯೆ ಮಾತ್ರ ಬೇರೆ ಜಾತಿಯದು. ಅದು ಬೆಳಕಿನ ಅಳತೆಯಲ್ಲ, ಲೆನ್ಸಿನ ನಾಭಿದೂರವನ್ನು ಕಿಂಡಿಯ ವ್ಯಾಸದಿಂದ ಭಾಗಿಸಿದಾಗ ಬರುವ ಉತ್ತರ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದಾಗುವುದು ಇದರಿಂದಲೇ. 50 ಮಿ.ಮೀ. ಲೆನ್ಸಿನಲ್ಲಿ 1.8 ಎಂದರೆ ಸುಮಾರು 28 ಮಿ.ಮೀ. ಅಗಲದ ಕಿಂಡಿ, 5.6 ಎಂದರೆ 9 ಮಿ.ಮೀ.ಗೂ ಕಡಿಮೆ. ಆದರೆ ಬೆಳಕು ನುಗ್ಗುವುದು ಕಿಂಡಿಯ ಪೂರ್ತಿ ವಿಸ್ತೀರ್ಣದಿಂದ, ಮತ್ತು ವಿಸ್ತೀರ್ಣ ವ್ಯಾಸದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ. ವ್ಯಾಸ 3.11 ಪಟ್ಟು ಹಿಗ್ಗಿದರೆ ಬೆಳಕು 3.11 × 3.11, ಅಂದರೆ ಸುಮಾರು 9.7 ಪಟ್ಟು. ಮೂರರ ವೇಷದಲ್ಲಿ ಹತ್ತು ಅಡಗಿತ್ತು!

ಬೆಳಕು ಒಮ್ಮೆ ಇಮ್ಮಡಿಯಾಗಲು ವ್ಯಾಸ ಎರಡರ ವರ್ಗಮೂಲದಷ್ಟು, ಅಂದರೆ 1.414 ಪಟ್ಟು ಹಿಗ್ಗಿದರೆ ಸಾಕು. 1, 1.4, 2, 2.8, 4, 5.6, 8, 11, 16 ಎಂಬ ವಿಚಿತ್ರ ಸಾಲು ಹುಟ್ಟಿದ್ದು ಈ ಗುಣಾಕಾರದಿಂದ. ಹೊಸಬರು ಎಡವುವುದೂ ಇಲ್ಲೇ. 5.6ರಿಂದ 2.8ಕ್ಕೆ ಸಂಖ್ಯೆ ಅರ್ಧವಾಯಿತು, ಆದ್ದರಿಂದ ಒಂದು ಸ್ಟಾಪ್ ಎಂದುಕೊಳ್ಳುತ್ತಾರೆ. ನಿಜಕ್ಕೂ ಅದು ಎರಡು ಸ್ಟಾಪ್. ಒಂದೇ ಎಂದು ನಂಬಿ ಶಟರನ್ನು ಇಟ್ಟರೆ ಚಿತ್ರದಲ್ಲಿ ಬಿಳಿ ಬಟ್ಟೆಯ ನೆರಿಗೆಗಳೆಲ್ಲ ಅಳಿಸಿಹೋಗುತ್ತವೆ.

ಕ್ಲಿಕ್ ಎಣಿಸದೆ ಎರಡು ಅಪರ್ಚರ್ ಸಂಖ್ಯೆಗಳ ನಡುವಿನ ಅಂತರ ತಿಳಿಯಲು ಶಾಲೆಯಲ್ಲಿ ಓದಿ ಮರೆತ ಲಘುಗಣಕ, ಅಂದರೆ ಲಾಗರಿದಮ್ ನೆರವಿಗೆ ಬರುತ್ತದೆ. “ಎರಡನ್ನು ಎಷ್ಟು ಸಲ ಗುಣಿಸಿದರೆ ಈ ಸಂಖ್ಯೆ ಬಂದೀತು?” ಎಂಬುದೇ ಎರಡರ ಆಧಾರದ ಲಾಗ್ ಕೇಳುವ ಪ್ರಶ್ನೆ. ಸ್ಟಾಪ್ ಕೇಳುವುದೂ ಅದನ್ನೇ. ಬೆಳಕು ವರ್ಗದ ಲೆಕ್ಕದಲ್ಲಿ ಹೋಗುವುದರಿಂದ, ಮತ್ತು ವರ್ಗದ ಲಾಗ್ ಎಂದರೆ ಲಾಗ್‌ನ ಎರಡರಷ್ಟು ಆದ್ದರಿಂದ, ಸೂತ್ರ ಇಷ್ಟೇ:

ಸ್ಟಾಪ್ = 2 × log₂ (ದೊಡ್ಡ ಸಂಖ್ಯೆ ÷ ಚಿಕ್ಕ ಸಂಖ್ಯೆ)

ಫೋನಿನ ಕ್ಯಾಲ್ಕುಲೇಟರಿನಲ್ಲಿ ಸಾಮಾನ್ಯವಾಗಿ ಇರುವ log ಹತ್ತರ ಆಧಾರದ್ದು. ಅದನ್ನು log 2, ಅಂದರೆ 0.301ರಿಂದ ಭಾಗಿಸಿದರೆ ಎರಡರ ಆಧಾರಕ್ಕೆ ಬರುತ್ತದೆ. 5.6ನ್ನು 1.8ರಿಂದ ಭಾಗಿಸಿದರೆ 3.11. ಅದರ ಲಾಗ್ 0.493. 0.301ರಿಂದ ಭಾಗಿಸಿದರೆ 1.64. ಎರಡರಿಂದ ಗುಣಿಸಿದರೆ ಸುಮಾರು 3.28 ಸ್ಟಾಪ್. ಕ್ಯಾಲ್ಕುಲೇಟರ್ ಕೈಯಲ್ಲಿಲ್ಲದಿದ್ದರೂ ಅಂದಾಜು ಮಾಡಬಹುದು: 3.11 ಎಂಬುದು 2 ಮತ್ತು 4ರ ನಡುವೆ ಇದೆ, ಆದ್ದರಿಂದ ಉತ್ತರ 2 ಮತ್ತು 4 ಸ್ಟಾಪ್‌ಗಳ ನಡುವೆಯೇ ಇರಬೇಕು.

ಹತ್ತು ಕ್ಲಿಕ್ ಎಂದರೆ 3.33 ಸ್ಟಾಪ್, ಸೂತ್ರ ಹೇಳಿದ್ದು 3.28. ಈ ಚೂರು ವ್ಯತ್ಯಾಸ ಬಂದದ್ದು ಲೆನ್ಸಿನ ಮೇಲೆ ಕೆತ್ತಿದ ಸಂಖ್ಯೆಗಳಿಂದ. ಅವನ್ನು ಓದಲು ಸುಲಭವಾಗಲೆಂದು ದುಂಡಾಗಿಸಿದ್ದಾರೆ. ಸಾಲಿನ ಲೆಕ್ಕದಲ್ಲಿ 5.6 ಎಂದರೆ 5.657, 1.8 ಎಂದರೆ 1.782. ಆ ಸಂಖ್ಯೆಗಳನ್ನು ಸೂತ್ರಕ್ಕೆ ಹಾಕಿದರೆ ಸರಿಯಾಗಿ 3.33 ಬರುತ್ತದೆ. ಕಾಲು ಕ್ಲಿಕ್ಕಿಗೂ ಕಡಿಮೆಯ ಈ ತಪ್ಪು ಚಿತ್ರದಲ್ಲಿ ಕಣ್ಣಿಗೆ ಬೀಳುವುದಿಲ್ಲ.

ಅದಕ್ಕಿಂತ ದೊಡ್ಡ ವ್ಯತ್ಯಾಸ ಗಾಜಿನಿಂದ ಬರಬಹುದು. ಸೂತ್ರಕ್ಕೆ ಗೊತ್ತಿರುವುದು ಕಿಂಡಿಯ ಅಳತೆ ಮಾತ್ರ. ಲೆನ್ಸಿನೊಳಗಿನ ಗಾಜುಗಳು ಒಂದಿಷ್ಟು ಬೆಳಕನ್ನು ನುಂಗುತ್ತವೆ, ಪೂರ್ತಿ ತೆರೆದಾಗ ಚಿತ್ರದ ಮೂಲೆಗಳು ಕಪ್ಪಾಗುತ್ತವೆ. ನಿಮ್ಮ ಲೆನ್ಸನ್ನು ಪರೀಕ್ಷಿಸಬೇಕೆಂದರೆ, ಬದಲಾಗದ ಬೆಳಕಿನಲ್ಲಿ ಕ್ಯಾಮೆರಾವನ್ನು ಟ್ರೈಪಾಡಿನ ಮೇಲಿಟ್ಟು ಬಿಳಿ ಗೋಡೆಯ ಎರಡು ಚಿತ್ರ ತೆಗೆಯಿರಿ. ಒಂದು 5.6 ಮತ್ತು 1/25, ಇನ್ನೊಂದು 1.8 ಮತ್ತು 1/250. ನಡುಭಾಗ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಇದ್ದು, ಎರಡನೆಯದರ ಮೂಲೆಗಳು ಮಂಕಾಗಿದ್ದರೆ ಅದು ಲೆನ್ಸಿನ ಗುಣ, ಲೆಕ್ಕದ ತಪ್ಪಲ್ಲ.

ಮರುದಿನ ದೊಡ್ಡ ಪರದೆಯಲ್ಲಿ ಚಿತ್ರ ನೋಡಿದಾಗ ಇನ್ನೊಂದು ಸಂಗತಿ ಕಂಡಿತು. ವೇಷದ ಮುಖ ಚೊಕ್ಕವಾಗಿತ್ತು, ಹಿಂದಿದ್ದ ಭಾಗವತರು ಮಸುಕು. ಐದು ಮೀಟರ್ ದೂರದಲ್ಲಿ ನನ್ನ ಕ್ಯಾಮೆರಾಕ್ಕೆ 1.8ರಲ್ಲಿ ಸ್ಪಷ್ಟವಾಗಿ ಕಾಣುವ ಆಳ ಮುಕ್ಕಾಲು ಮೀಟರನ್ನೂ ಮುಟ್ಟುವುದಿಲ್ಲ. ಎರಡು ಹೊಂದಾಣಿಕೆಗಳಲ್ಲೂ ಬೆಳಕು ಸಮವಾಗಿತ್ತು, ಚಿತ್ರ ಸಮವಾಗಿರಲಿಲ್ಲ.

ಮುಂದಿನ ಆಟಕ್ಕೆ ಅದೇ ಲೆನ್ಸನ್ನು ಕೇಳಿ ತಂದೆ, ಆದರೆ 2.8ರಲ್ಲೇ ನಿಲ್ಲಿಸಿದೆ. 5.6ರಿಂದ ಅಲ್ಲಿಗೆ ಆರು ಕ್ಲಿಕ್. ಶಟರ್ 1/250 ಆಗಬೇಕಾದರೆ ಹತ್ತು ಬೇಕು, ನಾಲ್ಕು ಸಾಲದು. ಆ ನಾಲ್ಕನ್ನು ಐಎಸ್ಒ ಡಯಲಿನಿಂದ ಪಡೆದೆ: 1600ರಿಂದ 2000, 2500, 3200, 4000. ಚಿತ್ರದಲ್ಲಿ ತುಸು ಕಾಳುಕಾಳು ಬಂತು, ಭಾಗವತರ ಮುಖ ಮೊದಲಿಗಿಂತ ತಿಳಿಯಾಯಿತು. ಬೆಳಕಿನ ಗುಣಾಕಾರವನ್ನೆಲ್ಲ ಡಯಲ್‌ಗಳೇ ಮಾಡಿಕೊಂಡವು. ನನಗೆ ಉಳಿದದ್ದು ಆರಕ್ಕೆ ನಾಲ್ಕು ಕೂಡಿಸುವ ಕೆಲಸ.