ಜಪಾನಿ ಭಾಷೆಯ ಷರತ್ತು ರೂಪಗಳು: ತೊ, ಬ, ತರ, ನರ

ಜಪಾನಿ ಭಾಷೆಯಲ್ಲಿ ‘ಹೀಗಾದರೆ ಹಾಗೆ’ ಎಂಬ ಷರತ್ತಿನ ಅರ್ಥವನ್ನು ಹೇಳಲು ಮುಖ್ಯವಾಗಿ ನಾಲ್ಕು ರೂಪಗಳಿವೆ: ತೊ, ಬ, ತರ ಮತ್ತು ನರ. ಕನ್ನಡದಲ್ಲಿ ‘ಬಂದರೆ’, ‘ಕುಡಿದರೆ’, ‘ಅಗ್ಗವಾದರೆ’ ಎಂಬಲ್ಲಿ ಕಾಣುವ ‘-ರೆ’ ಪ್ರತ್ಯಯವೊಂದೇ ಈ ಕೆಲಸದ ಬಹುಭಾಗವನ್ನು ಮಾಡುತ್ತದೆ. ಜಪಾನಿಯಲ್ಲಿ ಅದೇ ಕೆಲಸವು ನಾಲ್ಕು ರೂಪಗಳಿಗೆ ಹಂಚಿಹೋಗಿದೆ. ಕೆಲವು ವಾಕ್ಯಗಳಲ್ಲಿ ಇವು ಒಂದರ ಬದಲು ಇನ್ನೊಂದು ಬರಬಹುದಾದರೂ, ಬಹುಪಾಲು ಕಡೆ ಹಾಗೆ ಬದಲಾಯಿಸಿದರೆ ಅರ್ಥ ಬೇರೆಯಾಗುತ್ತದೆ ಅಥವಾ ವಾಕ್ಯವೇ ತಪ್ಪಾಗುತ್ತದೆ. ಇವುಗಳ ವ್ಯತ್ಯಾಸವನ್ನು ಎರಡು ಸಂಗತಿಗಳು ನಿರ್ಧರಿಸುತ್ತವೆ. ಮೊದಲನೆಯದು, ಪ್ರಧಾನ ವಾಕ್ಯದಲ್ಲಿ ಆಜ್ಞೆ, ಕೋರಿಕೆ ಅಥವಾ ಸಂಕಲ್ಪ ಬರಬಹುದೇ ಎಂಬುದು. ಎರಡನೆಯದು, ಎರಡು ಘಟನೆಗಳಲ್ಲಿ ಯಾವುದು ಮೊದಲು ನಡೆಯಬೇಕು ಎಂಬುದು.

## ರೂಪರಚನೆ

‘ಕುಡಿ’ ಎಂಬ ಅರ್ಥದ ‘ನೊಮು’ ಕ್ರಿಯಾಪದವನ್ನು ತೆಗೆದುಕೊಂಡರೆ ನಾಲ್ಕು ರೂಪಗಳು ಹೀಗಾಗುತ್ತವೆ: ‘ನೊಮು ತೊ’, ‘ನೊಮೆಬ’, ‘ನೊಂದರ’, ‘ನೊಮು ನರ’.

‘ತೊ’ ಮತ್ತು ‘ನರ’ ಬಿಡಿಪದಗಳಂತೆ ಕ್ರಿಯಾಪದದ ಮೂಲರೂಪದ ನಂತರ ನಿಲ್ಲುತ್ತವೆ. ‘ತೊ’ಗೆ ಮುಂಚೆ ಭೂತಕಾಲದ ರೂಪ ಬರುವುದಿಲ್ಲ, ‘ನರ’ಕ್ಕೆ ಮುಂಚೆ ಬರಬಹುದು. ‘ಬ’ ಸೇರುವಾಗ ಕ್ರಿಯಾಪದದ ಕೊನೆಯ ಉಕಾರವು ಎಕಾರವಾಗುತ್ತದೆ: ‘ತಬೆರು’ (ತಿನ್ನು) ಎಂಬುದು ‘ತಬೆರೆಬ’ ಎಂದೂ, ‘ಸುರು’ (ಮಾಡು) ಎಂಬುದು ‘ಸುರೆಬ’ ಎಂದೂ ಆಗುತ್ತದೆ. ‘ಯಸುಯಿ’ (ಅಗ್ಗವಾದ) ಎಂಬಂಥ ಗುಣವಾಚಕಗಳು ‘ಯಸುಕೆರೆಬ’ ಎಂಬ ರೂಪ ತಾಳುತ್ತವೆ. ‘ತರ’ ರೂಪವು ಭೂತಕಾಲದ ರೂಪಕ್ಕೆ ‘ರ’ ಸೇರಿ ಆಗುತ್ತದೆ: ‘ನೊಂದ’ (ಕುಡಿದೆನು, ಕುಡಿದನು) ಎಂಬುದರಿಂದ ‘ನೊಂದರ’. ಕನ್ನಡದ ‘ಕುಡಿದರೆ’ ಎಂಬುದೂ ‘ಕುಡಿದ’ ಎಂಬ ಭೂತರೂಪದ ಮೇಲೆಯೇ ನಿಂತಿರುವುದರಿಂದ, ರಚನೆಯಲ್ಲಿ ‘ತರ’ವೇ ಕನ್ನಡದ ‘-ರೆ’ಗೆ ಹೆಚ್ಚು ಸಮೀಪವಾಗಿದೆ.

## ತೊ: ತಪ್ಪದೆ ಹಿಂಬಾಲಿಸುವ ಫಲ

ಮೊದಲನೆಯದು ನಡೆದಾಗಲೆಲ್ಲ ಎರಡನೆಯದು ತಾನಾಗಿಯೇ ನಡೆಯುತ್ತದೆ ಎಂಬ ಸಂಬಂಧವನ್ನು ‘ತೊ’ ಹೇಳುತ್ತದೆ. ನಿಸರ್ಗದ ನಿಯಮ, ಯಂತ್ರದ ವರ್ತನೆ, ದಾರಿ ತೋರಿಸುವ ಮಾತು, ನಿತ್ಯದ ಅಭ್ಯಾಸ ಇವು ಅದರ ಸಹಜ ಕ್ಷೇತ್ರಗಳು.

- ಹರು ನಿ ನರು ತೊ, ಸಕುರ ಗ ಸಕು. (ವಸಂತ ಬಂದರೆ ಸಕುರ ಹೂ ಅರಳುತ್ತದೆ.)
- ಮಿಗಿ ನಿ ಮಗರು ತೊ, ಯೂಬಿನ್‌ಕ್ಯೊಕು ಗ ಅರಿಮಸು. (ಬಲಕ್ಕೆ ತಿರುಗಿದರೆ ಅಂಚೆ ಕಚೇರಿ ಇದೆ.)

ಫಲವು ತಾನಾಗಿಯೇ ಬರುವಂಥದ್ದಾದುದರಿಂದ ಮಾತನಾಡುವವನ ಇಚ್ಛೆಗೆ ಅಲ್ಲಿ ಎಡೆಯಿಲ್ಲ. ಆದ್ದರಿಂದ ‘ತೊ’ ಇರುವ ವಾಕ್ಯದ ಪ್ರಧಾನ ಭಾಗದಲ್ಲಿ ಆಜ್ಞೆ, ಕೋರಿಕೆ, ಆಹ್ವಾನ, ಅನುಮತಿ, ಸಂಕಲ್ಪ ಇವು ಬರಲಾರವು. ‘ವಸಂತ ಬಂದರೆ ಹೂ ನೋಡಲು ಹೋಗೋಣ’ ಎಂದು ಹೇಳಲು ‘ಹರು ನಿ ನರು ತೊ, ಹನಮಿ ನಿ ಇಕಿಮಶೋ’ ಎನ್ನುವುದು ತಪ್ಪು. ‘ಹರು ನಿ ನತ್ತರ, ಹನಮಿ ನಿ ಇಕಿಮಶೋ’ ಎನ್ನಬೇಕು. ಕನ್ನಡದಲ್ಲಿ ಎರಡೂ ವಾಕ್ಯಗಳು ‘ವಸಂತ ಬಂದರೆ’ ಎಂದೇ ಆರಂಭವಾಗುವುದರಿಂದ ಕನ್ನಡಿಗ ಕಲಿಯುವವರು ಇಲ್ಲಿ ಸುಲಭವಾಗಿ ಎಡವುತ್ತಾರೆ.

ಪ್ರಧಾನ ವಾಕ್ಯವು ಭೂತಕಾಲದಲ್ಲಿದ್ದಾಗ ‘ತೊ’ ಷರತ್ತಿನ ಅರ್ಥವನ್ನು ಬಿಟ್ಟು, ಒಂದು ಕ್ರಿಯೆಯ ಬೆನ್ನಲ್ಲೇ ಕಣ್ಣಿಗೆ ಬಿದ್ದ ಸಂಗತಿಯನ್ನು ಹೇಳುತ್ತದೆ: ‘ಮದೊ ಒ ಅಕೆರು ತೊ, ಯುಕಿ ಗ ಫುತ್ತೆ ಇತ’ (ಕಿಟಕಿ ತೆರೆದರೆ ಹಿಮ ಸುರಿಯುತ್ತಿತ್ತು). ಕಥನ ಗದ್ಯದಲ್ಲಿ ಈ ಬಳಕೆ ಹೇರಳವಾಗಿದೆ. ಯಸುನಾರಿ ಕವಬಾತ ಅವರ ‘ಯುಕಿಗುನಿ’ ಕಾದಂಬರಿಯ ಮೊದಲ ವಾಕ್ಯದಲ್ಲಿರುವುದು ಇದೇ ‘ತೊ’.

## ಬ: ಫಲಕ್ಕೆ ಬೇಕಾದ ನಿಬಂಧನೆ

‘ಬ’ ರೂಪದಲ್ಲಿ ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ. ಒಂದು ಫಲ ದೊರೆಯಬೇಕಾದರೆ ಏನು ಕೂಡಿಬರಬೇಕು ಎಂಬುದನ್ನು ಅದು ಹೇಳುತ್ತದೆ. ‘ಕೊನೊ ಕುಸುರಿ ಒ ನೊಮೆಬ, ನೆತ್ಸು ಗ ಸಗರಿಮಸು’ (ಈ ಔಷಧಿ ಕುಡಿದರೆ ಜ್ವರ ಇಳಿಯುತ್ತದೆ) ಎಂಬ ವಾಕ್ಯದಲ್ಲಿ, ಕುಡಿಯದಿದ್ದರೆ ಇಳಿಯಲಿಕ್ಕಿಲ್ಲ ಎಂಬ ಧ್ವನಿಯೂ ಸೇರಿರುತ್ತದೆ. ಗಾದೆಗಳಲ್ಲಿಯೂ ‘ಬ’ ಹೆಚ್ಚಾಗಿ ಕಾಣುತ್ತದೆ. ‘ಚಿರಿ ಮೊ ತ್ಸುಮೊರೆಬ ಯಮ ತೊ ನರು’ ಎಂದರೆ ‘ಧೂಳೂ ರಾಶಿಬಿದ್ದರೆ ಬೆಟ್ಟವಾಗುತ್ತದೆ’ ಎಂದು ಅರ್ಥ. ‘ಹನಿ ಹನಿಗೂಡಿದರೆ ಹಳ್ಳ’ ಎಂಬ ಕನ್ನಡ ಗಾದೆಯ ತಾತ್ಪರ್ಯವೂ ಅದೇ. (ಈ ಗಾದೆಯ ಕೊನೆಯಲ್ಲಿರುವ ‘ತೊ’ ಷರತ್ತಿನದಲ್ಲ, ಯಾವುದು ಏನಾಗುತ್ತದೆ ಎಂದು ತೋರಿಸುವ ವಿಭಕ್ತಿಯಂಥ ಪದ.)

‘ಬ’ಗೆ ಇರುವ ಮಿತಿ ‘ತೊ’ಗಿಂತ ಸಡಿಲವಾದರೂ ಸೂಕ್ಷ್ಮವಾದುದು. ಮೊದಲ ಭಾಗದಲ್ಲಿ ಸ್ಥಿತಿಯನ್ನು ಹೇಳುವ ಪದವಿದ್ದರೆ, ಅಂದರೆ ‘ಇದೆ’ ಎಂಬ ಕ್ರಿಯಾಪದ, ಗುಣವಾಚಕ, ನಿಷೇಧ ರೂಪ ಇಂಥವುಗಳಿದ್ದರೆ, ಎರಡನೆಯ ಭಾಗದಲ್ಲಿ ಕೋರಿಕೆಯೂ ಸಂಕಲ್ಪವೂ ಬರಬಹುದು:

- ಜಿಕನ್ ಗ ಅರೆಬ, ಕಿತೆ ಕುದಸೈ. (ಸಮಯವಿದ್ದರೆ ಬನ್ನಿ.)
- ಯಸುಕೆರೆಬ ಕೈಮಸು. (ಅಗ್ಗವಾಗಿದ್ದರೆ ಕೊಳ್ಳುತ್ತೇನೆ.)

ಮೊದಲ ಭಾಗದಲ್ಲಿ ನಡೆಯುವ ಕ್ರಿಯೆ ಇದ್ದು, ಎರಡೂ ಭಾಗಗಳ ಕರ್ತೃ ಒಬ್ಬನೇ ಆಗಿದ್ದರೆ ಇವು ಸಲ್ಲವು. ‘ತೋಕ್ಯೋ ತಲುಪಿದರೆ ಫೋನ್ ಮಾಡಿ’ ಎಂಬುದನ್ನು ‘ತೋಕ್ಯೋ ನಿ ತ್ಸುಕೆಬ, ದೆನ್ವ ಶಿತೆ ಕುದಸೈ’ ಎನ್ನಲಾಗದು. ತಲುಪುವವನೂ ಫೋನ್ ಮಾಡುವವನೂ ಒಬ್ಬನೇ, ತಲುಪುವುದು ಕ್ರಿಯೆ, ಹೇಳುತ್ತಿರುವುದು ಕೋರಿಕೆ. ಇಲ್ಲಿ ಬರಬೇಕಾದುದು ‘ತ್ಸುಯಿತರ’. ಕರ್ತೃಗಳು ಬೇರೆ ಬೇರೆಯಾದಾಗ ತಡೆ ಇರುವುದಿಲ್ಲ: ‘ತನಕ ಸನ್ ಗ ಇಕೆಬ, ವತಶಿ ಮೊ ಇಕಿಮಸು’ (ತನಕ ಅವರು ಹೋದರೆ ನಾನೂ ಹೋಗುತ್ತೇನೆ).

## ತರ: ಮುಗಿದ ನಂತರ

‘ತರ’ ಭೂತರೂಪದಿಂದ ಹುಟ್ಟಿದ ಕಾರಣ, ಮೊದಲ ಕ್ರಿಯೆ ಪೂರ್ಣವಾದ ಬಳಿಕವೇ ಎರಡನೆಯದು ಎಂಬ ಕ್ರಮ ಅದರಲ್ಲಿ ಅಡಕವಾಗಿದೆ. ಪ್ರಧಾನ ವಾಕ್ಯದಲ್ಲಿ ಆಜ್ಞೆ, ಕೋರಿಕೆ, ಸಂಕಲ್ಪ ಯಾವುದಕ್ಕೂ ತಡೆಯಿಲ್ಲ. ಆಡುಮಾತಿನಲ್ಲಿ ಇದರ ವ್ಯಾಪ್ತಿ ಬಹಳ ದೊಡ್ಡದು. ಒಸಾಕ ಮತ್ತು ಕ್ಯೋತೊ ಸೇರಿದ ಕನ್ಸೈ ಪ್ರದೇಶದಲ್ಲಿ, ತೋಕ್ಯೋದವರು ‘ತೊ’ ಅಥವಾ ‘ಬ’ ಬಳಸುವ ಅನೇಕ ಕಡೆಯೂ ‘ತರ’ ಕೇಳಿಬರುತ್ತದೆ.

ನಡೆದೇ ತೀರುವ ಸಂಗತಿಗೂ ‘ತರ’ ಸಲ್ಲುತ್ತದೆ. ‘ಜೂಜಿ ನಿ ನತ್ತರ ದೆಕಕೆಮಶೋ’ ಎಂದರೆ ‘ಹತ್ತು ಗಂಟೆಯಾದರೆ ಹೊರಡೋಣ’ ಎಂದಲ್ಲ, ‘ಹತ್ತು ಗಂಟೆಯಾದ ಮೇಲೆ ಹೊರಡೋಣ’ ಎಂದು. ಹತ್ತು ಗಂಟೆಯಾಗುವುದರಲ್ಲಿ ಸಂಶಯವೇನೂ ಇಲ್ಲ.

ಭೂತಕಾಲದಲ್ಲಿ ‘ತರ’ವೂ ‘ತೊ’ದಂತೆ ಅನಿರೀಕ್ಷಿತವನ್ನು ಹೇಳುತ್ತದೆ: ‘ಉಚಿ ನಿ ಕಎತ್ತರ, ತೆಗಮಿ ಗ ಕಿತೆ ಇತ’ (ಮನೆಗೆ ಬಂದು ನೋಡಿದರೆ ಕಾಗದ ಬಂದಿತ್ತು). ಕನ್ನಡದ ‘ನೋಡಿದರೆ’ ಇಲ್ಲಿ ಷರತ್ತಾಗದೆ ಅಚ್ಚರಿಯನ್ನು ಸೂಚಿಸುವಂತೆಯೇ ಜಪಾನಿಯ ‘ತರ’ವೂ ಸೂಚಿಸುತ್ತದೆ. ಆದರೆ ಎರಡನೆಯ ಘಟನೆ ಹೇಳುವವನ ಹಿಡಿತಕ್ಕೆ ಹೊರತಾಗಿರಬೇಕು. ‘ಮನೆಗೆ ಬಂದು ಟೀವಿ ನೋಡಿದೆ’ ಎಂಬಂತೆ ತಾನೇ ಮಾಡಿದ ಕೆಲಸವಾದರೆ ‘ತರ’ ಸಲ್ಲದು. ಕನ್ನಡದ ‘ಬಂದು’ ಎಂಬುದಕ್ಕೆ ಸಮನಾದ ‘ಕಎತ್ತೆ’ ಬರಬೇಕು.

## ನರ: ಹಾಗಿರುವುದೇ ಆದರೆ

ಉಳಿದ ಮೂರು ರೂಪಗಳು ಘಟನೆಯನ್ನು ಘಟನೆಯೊಡನೆ ಜೋಡಿಸಿದರೆ, ‘ನರ’ವು ಕೇಳಿದ ಅಥವಾ ಊಹಿಸಿದ ಸಂಗತಿಯೊಂದನ್ನು ‘ಅದು ಹಾಗೆ’ ಎಂದು ಒಪ್ಪಿಕೊಂಡು, ಅದರ ಮೇಲೆ ಹೇಳುವವನ ಸಲಹೆ, ಕೋರಿಕೆ ಅಥವಾ ತೀರ್ಮಾನವನ್ನು ನಿಲ್ಲಿಸುತ್ತದೆ. ಕನ್ನಡದ ‘ಹೋಗುವುದಾದರೆ’, ‘ಬರುವುದಾದರೆ’ ಎಂಬ ರೂಪಗಳು ಇದಕ್ಕೆ ಬಹುತೇಕ ಸರಿಹೊಂದುತ್ತವೆ.

ಆದ್ದರಿಂದ ‘ನರ’ದಲ್ಲಿ ಕಾಲಕ್ರಮ ಹಿಂದುಮುಂದಾಗಬಹುದು. ‘ಕ್ಯೋತೊ ನಿ ಇಕು ನರ, ಚಿಜು ಒ ಕತ್ತ ಹೋ ಗ ಈ’ (ಕ್ಯೋತೊಗೆ ಹೋಗುವುದಾದರೆ ನಕ್ಷೆ ಕೊಳ್ಳುವುದು ಒಳ್ಳೆಯದು) ಎಂಬಲ್ಲಿ ಕೊಳ್ಳುವುದು ಮೊದಲು, ಹೋಗುವುದು ಆಮೇಲೆ. ಇದೇ ವಾಕ್ಯದಲ್ಲಿ ‘ಇತ್ತರ’ ಎಂದಿದ್ದರೆ ಕ್ಯೋತೊಗೆ ಹೋದ ಮೇಲೆ ಅಲ್ಲಿ ಕೊಳ್ಳಬೇಕು ಎಂದಾಗುತ್ತದೆ.

‘ನರ’ದ ಮಿತಿಯೂ ಇದರಿಂದಲೇ ಬರುತ್ತದೆ. ‘ಹತ್ತು ಗಂಟೆಯಾಗುವುದಾದರೆ ಹೊರಡೋಣ’ ಎಂಬ ಕನ್ನಡ ವಾಕ್ಯ ಎಷ್ಟು ವಿಚಿತ್ರವೋ ‘ಜೂಜಿ ನಿ ನರು ನರ’ ಎಂಬುದೂ ಅಷ್ಟೇ ವಿಚಿತ್ರ. ತಾನಾಗಿಯೇ ನಡೆಯುವ ನಿಸರ್ಗದ ನಿಯಮವನ್ನಾಗಲಿ, ಆಗಿಹೋದ ಒಂದು ಘಟನೆಯ ಬೆನ್ನಿಗೆ ಕಂಡದ್ದನ್ನಾಗಲಿ ‘ನರ’ದಿಂದ ಹೇಳಲು ಬರುವುದಿಲ್ಲ.

## ಒಂದು ಘೋಷಣೆಯ ವಿಶ್ಲೇಷಣೆ

ಮದ್ಯಪಾನ ಮಾಡಿ ವಾಹನ ಓಡಿಸುವುದರ ವಿರುದ್ಧ ಜಪಾನಿನಲ್ಲಿ ಪ್ರಸಿದ್ಧವಾಗಿರುವ ಒಂದು ಘೋಷಣೆ ಈ ವ್ಯತ್ಯಾಸವನ್ನು ಕೆಲವೇ ಪದಗಳಲ್ಲಿ ತೋರಿಸುತ್ತದೆ:

> ನೊಂದರ ನೊರು ನ, ನೊರು ನರ ನೊಮು ನ.

‘ನೊಮು’ ಎಂದರೆ ಕುಡಿ, ‘ನೊರು’ ಎಂದರೆ ವಾಹನವೇರು, ಕೊನೆಯ ‘ನ’ ನಿಷೇಧಾಜ್ಞೆ. ‘ಕುಡಿದರೆ ವಾಹನವೇರಬೇಡ, ವಾಹನವೇರುವುದಾದರೆ ಕುಡಿಯಬೇಡ’ ಎಂಬುದು ಅರ್ಥ. ಮೊದಲರ್ಧದಲ್ಲಿ ಕುಡಿಯುವುದು ಮುಗಿದಿದೆ, ನಿಷೇಧವು ಅದರ ಮುಂದಿನ ಕೆಲಸಕ್ಕೆ, ಆದ್ದರಿಂದ ‘ತರ’. ಎರಡನೆಯ ಅರ್ಧದಲ್ಲಿ ವಾಹನವೇರುವುದು ಇನ್ನೂ ಉದ್ದೇಶ ಮಾತ್ರ, ನಿಷೇಧವು ಅದಕ್ಕಿಂತ ಮುಂಚಿನ ಕೆಲಸಕ್ಕೆ, ಆದ್ದರಿಂದ ‘ನರ’.

ಎರಡನೆಯ ಅರ್ಧವನ್ನು ‘ನೊತ್ತರ ನೊಮು ನ’ ಎಂದು ಬದಲಾಯಿಸಿದರೆ ‘ವಾಹನ ಏರಿದ ಮೇಲೆ ಕುಡಿಯಬೇಡ’ ಎಂದಾಗುತ್ತದೆ. ಏರುವ ಮುಂಚೆ ಕುಡಿಯುವುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ, ಎಚ್ಚರಿಕೆಯ ಉದ್ದೇಶವೇ ಕೆಡುತ್ತದೆ. ಮೊದಲರ್ಧದಲ್ಲಿ ‘ನೊಮು ತೊ’ ಎಂದರೆ ತಪ್ಪು, ಏಕೆಂದರೆ ಮುಂದೆ ಆಜ್ಞೆ ಇದೆ. ‘ನೊಮೆಬ’ ಎಂದರೂ ತಪ್ಪು, ಏಕೆಂದರೆ ಕುಡಿಯುವುದು ಕ್ರಿಯೆ, ಕರ್ತೃವೂ ಒಬ್ಬನೇ. ಕನ್ನಡ ಅನುವಾದದಲ್ಲಿಯೂ ‘ಕುಡಿದರೆ’ ಮತ್ತು ‘ಏರುವುದಾದರೆ’ ಎಂಬ ಎರಡು ಬೇರೆ ರೂಪಗಳು ಬೇಕಾಗುತ್ತವೆ.

## ಐತಿಹಾಸಿಕ ಹಿನ್ನೆಲೆ

ಪ್ರಾಚೀನ ಜಪಾನಿಯಲ್ಲಿ ‘ಬ’ ಎರಡು ಬಗೆಯ ಕ್ರಿಯಾರೂಪಗಳಿಗೆ ಹತ್ತುತ್ತಿತ್ತು. ‘ಯುಕಬ’ ಎಂದರೆ ‘ಹೋದರೆ’ ಎಂಬ ಊಹೆ. ‘ಯುಕೆಬ’ ಎಂದರೆ ‘ಹೋದಾಗ’ ಅಥವಾ ‘ಹೋಗುವುದರಿಂದ’ ಎಂಬ ನಡೆದ ಸಂಗತಿ. ಕಾಲಕ್ರಮದಲ್ಲಿ ಮೊದಲನೆಯದು ಆಡುಮಾತಿನಿಂದ ಮರೆಯಾಗಿ, ಎರಡನೆಯದೇ ಊಹೆಯ ಅರ್ಥವನ್ನೂ ವಹಿಸಿಕೊಂಡಿತು. ಇಂದಿನ ‘ಬ’ ರೂಪ ಅದೇ.

‘ತರ’ ಮತ್ತು ‘ನರ’ಗಳಲ್ಲಿಯೂ ಈ ‘ಬ’ ಮೊದಲು ಇತ್ತು. ಕ್ರಿಯೆ ಪೂರ್ಣವಾದುದನ್ನು ಹೇಳುತ್ತಿದ್ದ ‘ತರಿ’ ಎಂಬ ಸಹಾಯಕ ಪದದಿಂದ ‘ತರಬ’, ‘ಆಗಿರು’ ಎಂಬ ಅರ್ಥದ ‘ನರಿ’ಯಿಂದ ‘ನರಬ’ ಎಂಬ ರೂಪಗಳಾಗಿ, ಮುಂದೆ ಕೊನೆಯ ಅಕ್ಷರ ಬಿದ್ದುಹೋಯಿತು. ‘ನರಬ’ ಇಂದಿಗೂ ಗಂಭೀರ ಬರವಣಿಗೆಯಲ್ಲಿ ಉಳಿದಿದೆ. ‘ತರ’ದಲ್ಲಿ ಮುಗಿದ ಕ್ರಿಯೆಯ ಅರ್ಥವೂ, ‘ನರ’ದಲ್ಲಿ ‘ಹಾಗಿರುವುದಾದರೆ’ ಎಂಬ ಅರ್ಥವೂ ಈ ಮೂಲಗಳಿಂದ ಬಂದವು. ಕನ್ನಡದ ‘ಏರುವುದಾದರೆ’ ಎಂಬುದರಲ್ಲಿ ‘ಆಗು’ ಧಾತುವಿನ ‘ಆದರೆ’ ಸೇರಿರುವುದು ಇದನ್ನೇ ಹೋಲುತ್ತದೆ.