ಬರಬೇಡ ಎಂದಿದ್ದೋ, ಆಮೇಲೆ ಬಾ ಎಂದಿದ್ದೋ?

ಹೈಸ್ಕೂಲಿನ ಸಮಾಜ ವಿಜ್ಞಾನದ ಮೇಡಂ ಒಬ್ಬರು ಹಂಪಿಯ ಪಾಠಕ್ಕೆಂದು ವಿಕಿಮೀಡಿಯಾ ಕಾಮನ್ಸ್‌ನಿಂದ 600 ಚಿತ್ರ ಇಳಿಸಿಕೊಳ್ಳಲು ಹೊರಟಿದ್ದಾರೆ ಎಂದುಕೊಳ್ಳಿ. ಶಾಲೆಯಲ್ಲಿ ನೆಟ್ ನೆಚ್ಚಿಕೊಳ್ಳುವಂತಿಲ್ಲ, ಪೆನ್‌ಡ್ರೈವ್‌ನಲ್ಲಿ ಒಯ್ಯಬೇಕು. ಒಂದೊಂದನ್ನೇ ತೆರೆದು ಉಳಿಸುತ್ತ ಕೂತರೆ ದಿನ ಕಳೆಯುತ್ತದೆ. ಹಾಗಾಗಿ ಚಿತ್ರಗಳ ವಿಳಾಸಗಳನ್ನೆಲ್ಲ `list.txt` ಫೈಲಿಗೆ ಸಾಲಾಗಿ ಬರೆದು, `wget -i list.txt` ಎಂದು ಕಮಾಂಡ್ ಕೊಟ್ಟು ಟೀ ಕುಡಿಯಲು ಎದ್ದರು. ಮರಳಿ ಬಂದಾಗ ಕೆಲಸ ಮುಗಿದಂತೆ ಕಂಡಿತು. ಫೋಲ್ಡರ್ ತೆರೆದರೆ 140 ಚಿತ್ರ ಮಾತ್ರ. ಮಿಕ್ಕ 460 ವಿಳಾಸಗಳ ಎದುರಿಗೂ ಒಂದೇ ಸಾಲು: `ERROR 429: Too Many Requests.`

ಅವರು ಅದೇ ಕಮಾಂಡನ್ನು ಮತ್ತೊಮ್ಮೆ ಕೊಟ್ಟರು. ಇದು ಹೆಚ್ಚಿನವರು ಮಾಡುವ ಕೆಲಸ. ಪೆಟ್ಟು ಬೀಳುವುದೂ ಇಲ್ಲಿಯೇ.

ಡೌನ್‌ಲೋಡ್ ಟೂಲನ್ನು ಸರ್ವರ್ ತಡೆದಾಗ ಸಾಮಾನ್ಯವಾಗಿ ಕಾಣುವ ಸಂಖ್ಯೆಗಳು ಎರಡು. 429 ಎಂದರೆ ಕಡಿಮೆ ಹೊತ್ತಿನಲ್ಲಿ ಜಾಸ್ತಿ ಸಲ ಕೇಳಿದ್ದೀರಿ, ಸ್ವಲ್ಪ ಬಿಟ್ಟು ಬನ್ನಿ ಎಂದರ್ಥ. 2012ರಲ್ಲಿ ಹೊರಬಂದ ಇಂಟರ್‌ನೆಟ್ ಮಾನದಂಡವೊಂದರಲ್ಲಿ ಈ ಸಂಖ್ಯೆ ಸೇರಿತು. 403 ಇದಕ್ಕಿಂತ ಹಳೆಯದು: ನೀವು ಕೇಳಿದ್ದು ಅರ್ಥವಾಯಿತು, ಆದರೆ ಕೊಡುವುದಿಲ್ಲ. ಮೊದಲನೆಯದಕ್ಕೆ ಕಾಯುವುದೇ ಮದ್ದು. ಎರಡನೆಯದಕ್ಕೆ ಎಷ್ಟು ಕಾದರೂ ಉಪಯೋಗವಿಲ್ಲ, ಕೇಳುವ ರೀತಿಯಲ್ಲೇ ಏನೋ ಬದಲಾಗಬೇಕು. ಎರಡಕ್ಕೂ ಒಂದೇ ಚಿಕಿತ್ಸೆ ಎಂಬಂತೆ ಮತ್ತೆ ಮತ್ತೆ ಬಾಗಿಲು ಬಡಿಯುವುದರಿಂದಲೇ ಸಣ್ಣ ತೊಂದರೆ ದೊಡ್ಡದಾಗುತ್ತದೆ. ಎಷ್ಟೋ ಸರ್ವರ್‌ಗಳು 429ಕ್ಕೆ ಕಿವಿಗೊಡದ ಟೂಲಿಗೆ ಕೊನೆಗೆ 403 ಕೊಟ್ಟು ಬಾಗಿಲು ಹಾಕಿಬಿಡುತ್ತವೆ.

ಸರ್ವರ್ ಬರೀ ಸಂಖ್ಯೆ ಹೇಳಿ ಸುಮ್ಮನಾಗುವುದಿಲ್ಲ. ಉತ್ತರದ ಜೊತೆ ಹೆಡರ್ ಎಂಬ ಸಣ್ಣ ಸಾಲುಗಳು ಬರುತ್ತವೆ, ಅದರ ಹಿಂದೆ ಒಂದು ವಿವರಣೆಯೂ ಇರಬಹುದು. `wget` ತಪ್ಪಾದಾಗ ಆ ವಿವರಣೆಯನ್ನು ತೋರಿಸದೆ ಬಿಟ್ಟುಬಿಡುತ್ತದೆ. ಅದಕ್ಕೇ ಇಡೀ ಪಟ್ಟಿಯನ್ನು ಪಕ್ಕಕ್ಕಿಟ್ಟು, ತಡೆಗೊಂಡ ಒಂದೇ ಒಂದು ವಿಳಾಸವನ್ನು `curl`ನಿಂದ ಕೇಳಿ ನೋಡಬೇಕು.

```
curl -sS -D - -o answer.txt 'ವಿಳಾಸ'
```

ಹೆಡರ್‌ಗಳು ಪರದೆಯ ಮೇಲೆ ಬರುತ್ತವೆ, ವಿವರಣೆ `answer.txt` ಫೈಲಿನಲ್ಲಿ ಉಳಿಯುತ್ತದೆ. ಮೇಡಂ ನೋಡಬೇಕಾದ ಸಾಲು `Retry-After`. ಅಲ್ಲಿ 60 ಎಂದಿದ್ದರೆ 60 ಸೆಕೆಂಡು ತಡೆದು ಬನ್ನಿ ಎಂದು ಲೆಕ್ಕ. ಕೆಲವು ಸರ್ವರ್‌ಗಳು ಸೆಕೆಂಡಿನ ಬದಲು ದಿನಾಂಕ ಮತ್ತು ಗಂಟೆಯನ್ನೇ ಬರೆಯುತ್ತವೆ, ಅದು ಗ್ರೀನ್‌ವಿಚ್ ಸಮಯ. ನಮ್ಮ ಗಡಿಯಾರಕ್ಕೆ ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ಆ ಸಾಲೇ ಇಲ್ಲದಿದ್ದರೆ ಮೊದಲು ಒಂದು ನಿಮಿಷ, ಆಮೇಲೆ ಎರಡು, ನಾಲ್ಕು ಎಂದು ಬಿಡುವನ್ನು ಇಮ್ಮಡಿಸುತ್ತ ಹೋಗುವುದು ರೂಢಿ.

ಈಗ 460 ಚಿತ್ರ ತಪ್ಪಿದ್ದು ಹೇಗೆಂದು ನೋಡೋಣ. 429 ಬಂದಾಗ `wget` ತಾನಾಗಿ ನಿಲ್ಲುವುದಿಲ್ಲ. ಆ ವಿಳಾಸವನ್ನು ಕೈಬಿಟ್ಟು ಮುಂದಿನದಕ್ಕೆ ಹೋಗುತ್ತದೆ, ಅಲ್ಲೂ 429 ತಿಂದು ಅದರ ಮುಂದಿನದಕ್ಕೆ. ಪಟ್ಟಿ ಮುಗಿದದ್ದು ಚಿತ್ರಗಳು ಬಂದದ್ದರಿಂದಲ್ಲ, ನಿರಾಕರಣೆಗಳು ಬೇಗ ಬೇಗ ಬಂದದ್ದರಿಂದ. ಎರಡನೇ ಸಲ ಅದೇ ಕಮಾಂಡ್ ಕೊಟ್ಟಾಗ ಇನ್ನೊಂದು ನಷ್ಟ: ಮೊದಲೇ ಬಂದಿದ್ದ 140 ಚಿತ್ರಗಳನ್ನೂ ಅದು ಹೊಸದಾಗಿ ಕೇಳುತ್ತದೆ, ಬಂದವುಗಳ ಹೆಸರಿನ ಕೊನೆಗೆ `.1` ಅಂಟಿಸಿ ಇಡುತ್ತದೆ. ಸಿಕ್ಕ ಅವಕಾಶವೆಲ್ಲ ಇದ್ದದ್ದನ್ನೇ ತರುವುದರಲ್ಲಿ ಹೋಗುತ್ತದೆ. ಫೋಲ್ಡರಿನಲ್ಲಿ `.1`, `.2` ಬಾಲದ ಫೈಲುಗಳು ಕಂಡರೆ ಹೀಗೇ ಆಗಿದೆ ಎಂದು ತಿಳಿಯಬಹುದು.

ಸರಿಪಡಿಸಿದ ಕಮಾಂಡ್ ಇದು:

```
wget -nc -i list.txt --wait=5 --random-wait \
  -U 'ShaleChitra/1.0 (teacher@example.org)'
```

`-nc` ಇದ್ದರೆ ಫೋಲ್ಡರಿನಲ್ಲಿ ಇರುವ ಫೈಲನ್ನು ಸರ್ವರ್‌ನ ಹತ್ತಿರ ಕೇಳುವುದೇ ಇಲ್ಲ. ಒಂದೇ ಎಚ್ಚರ: ಅರ್ಧಕ್ಕೆ ನಿಂತ ಫೈಲನ್ನೂ ಅದು ಪೂರ್ತಿಯೆಂದೇ ನಂಬುತ್ತದೆ, ಅಂಥದ್ದನ್ನು ಮೊದಲೇ ಅಳಿಸಬೇಕು. `--wait=5` ಎರಡು ಚಿತ್ರಗಳ ನಡುವೆ ಐದು ಸೆಕೆಂಡು ಬಿಡುತ್ತದೆ, `--random-wait` ಆ ಬಿಡುವನ್ನು ಸ್ವಲ್ಪ ಹೆಚ್ಚು ಕಡಿಮೆ ಮಾಡುತ್ತದೆ. ಉಳಿದ 460 ಚಿತ್ರಕ್ಕೆ ಬಿಡುವೇ ಸುಮಾರು 38 ನಿಮಿಷ. ಸಂಜೆ ಅಡುಗೆಯ ಹೊತ್ತಿಗೆ ಬಿಟ್ಟರೆ ಊಟದೊಳಗೆ ಮುಗಿಯುತ್ತದೆ. ಬೇಗ ಆಗಲೆಂದು ನಾಲ್ಕು ಕಿಟಕಿಯಲ್ಲಿ ನಾಲ್ಕು `wget` ಓಡಿಸಿದರೆ ಮತ್ತೆ 429ಕ್ಕೆ ಬಂದು ನಿಲ್ಲಬೇಕಾಗುತ್ತದೆ.

`-U` ಸಾಲು 403ಕ್ಕೆ ಸಂಬಂಧಿಸಿದ್ದು. ಪ್ರತಿ ಟೂಲ್ ಕೇಳುವಾಗ ತನ್ನ ಹೆಸರು ಹೇಳುತ್ತದೆ, ಅದಕ್ಕೆ ಯೂಸರ್ ಏಜೆಂಟ್ ಎನ್ನುತ್ತಾರೆ. ಹೆಸರಿಲ್ಲದೆ ಬಂದವರನ್ನು, ಪ್ರೋಗ್ರಾಂ ಲೈಬ್ರರಿಯ ಬರೀ ಸಾಮಾನ್ಯ ಹೆಸರಿಟ್ಟು ಬಂದವರನ್ನು ತಡೆಯಬಹುದು ಎಂಬುದು ವಿಕಿಮೀಡಿಯಾದ ನಿಯಮ. ಕೇಳುತ್ತಿರುವ ಟೂಲ್ ಯಾವುದು, ತೊಂದರೆಯಾದರೆ ಯಾರನ್ನು ಸಂಪರ್ಕಿಸಬೇಕು ಎಂಬುದು ಅದರಲ್ಲಿರಬೇಕು. ಮೇಲಿನ ಮಿಂಚಂಚೆ ಮಾದರಿಗಷ್ಟೆ, ಆ ಜಾಗದಲ್ಲಿ ನಿಮ್ಮದೇ ಹಾಕಬೇಕು. ಬ್ರೌಸರಿನ ಹೆಸರನ್ನು ನಕಲು ಮಾಡಿ ಒಳಹೋಗಿ ಎಂದು ಸಲಹೆ ಕೊಡುವವರು ಬಹಳ ಜನ. ಅದು ತಪ್ಪು ದಾರಿ. ಯಾರೆಂದು ತಿಳಿದರೆ ಸರ್ವರ್ ನೋಡಿಕೊಳ್ಳುವವರು ಒಂದು ಮಾತು ಬರೆದು ಎಚ್ಚರಿಸಬಹುದು. ವೇಷ ಹಾಕಿ ಬಂದವರನ್ನು ತಡೆಯುವುದೊಂದೇ ಅವರಿಗೆ ಉಳಿಯುವ ಉಪಾಯ.

ಈ ಬಿಗಿಗೆ ಕಾರಣವೂ ಇದೆ. 2024ರ ಜನವರಿಯಿಂದೀಚೆಗೆ ಚಿತ್ರ, ವಿಡಿಯೊಗಳ ಡೌನ್‌ಲೋಡಿಗೆ ತಗಲುವ ಬ್ಯಾಂಡ್‌ವಿಡ್ತ್ ಶೇ. 50ರಷ್ಟು ಏರಿದೆ, ಏರಿದ್ದು ಮುಖ್ಯವಾಗಿ ತಾವಾಗಿಯೇ ಓಡುವ ಪ್ರೋಗ್ರಾಂಗಳಿಂದ ಎಂದು ವಿಕಿಮೀಡಿಯಾ ಪ್ರತಿಷ್ಠಾನ 2025ರ ಏಪ್ರಿಲ್‌ನಲ್ಲಿ ಹೇಳಿತು. ಹಂಪಿಯ 600 ಚಿತ್ರ ಆ ಹೊಳೆಯಲ್ಲಿ ಒಂದು ಹನಿ, ಆದರೆ ಹೆಸರು ಹೇಳದ ಹನಿಯನ್ನು ಬೇರೆಯಾಗಿ ಗುರುತಿಸುವುದು ಸರ್ವರ್‌ಗೆ ಸಾಧ್ಯವಿಲ್ಲ.

ಎಲ್ಲ 403ಗೂ ಹೆಸರೇ ಕಾರಣವಲ್ಲ. ಬ್ರೌಸರಿನಲ್ಲಿ ತೆರೆಯುವ ಲಿಂಕ್ ಕಮಾಂಡಿನಲ್ಲಿ ಮಾತ್ರ 403 ಕೊಟ್ಟರೆ ಮೊದಲು ಉದ್ಧರಣ ಚಿಹ್ನೆ ನೋಡಬೇಕು. ಉದ್ದದ ಲಿಂಕ್‌ಗಳಲ್ಲಿ `&` ಇರುತ್ತದೆ. ವಿಳಾಸವನ್ನು ಉದ್ಧರಣ ಚಿಹ್ನೆಯೊಳಗೆ ಇಡದಿದ್ದರೆ ಲಿನಕ್ಸ್ ಕಮಾಂಡ್ ಲೈನು `&` ಬಂದಲ್ಲಿಗೇ ವಿಳಾಸ ಮುಗಿಯಿತೆಂದುಕೊಳ್ಳುತ್ತದೆ. ಅನುಮತಿಯ ಗುರುತು ಇರುವುದು ಬಹಳ ಸಲ ಆ ಕತ್ತರಿಸಿಹೋದ ಬಾಲದಲ್ಲೇ, ಅದಿಲ್ಲದೆ ಸರ್ವರ್ ಒಳಬಿಡುವುದಿಲ್ಲ. ಪರದೆಯ ಮೇಲೆ `[1] 4821` ಎಂಬಂಥ ಸಾಲು ಬಂದಿದ್ದರೆ ಆದದ್ದು ಇದೇ. ಇನ್ನು ಕೆಲವು ಲಿಂಕ್‌ಗಳಿಗೆ ಆಯಸ್ಸು ಇರುತ್ತದೆ. ವಿಳಾಸದೊಳಗೆ `expire` ಅಥವಾ `Expires` ಎಂಬ ಪದ ಕಂಡರೆ ನಿನ್ನೆ ನಕಲಿಸಿಟ್ಟ ಲಿಂಕ್ ಇಂದು ನಡೆಯದೇ ಇರಬಹುದು, ಪುಟವನ್ನು ಮತ್ತೆ ತೆರೆದು ಹೊಸದನ್ನು ತೆಗೆದುಕೊಳ್ಳಬೇಕು.

ಸಂಖ್ಯೆಯೇ ದಾರಿ ತಪ್ಪಿಸುವ ಸಂದರ್ಭಗಳೂ ಇವೆ. ಗಿಟ್‌ಹಬ್‌ನ ಎಪಿಐ ಮಿತಿ ಮೀರಿದವರಿಗೆ ಕೆಲವೊಮ್ಮೆ 429, ಕೆಲವೊಮ್ಮೆ 403 ಕೊಡುತ್ತದೆ. ಲಾಗಿನ್ ಆಗದವರಿಗೆ ಅಲ್ಲಿ ಗಂಟೆಗೆ 60 ಕೋರಿಕೆ ಮಾತ್ರ. ಹೆಡರಿನಲ್ಲಿ `x-ratelimit-remaining: 0` ಎಂದಿದ್ದರೆ ಆ 403 ನಿಜಕ್ಕೂ ಆಮೇಲೆ ಬಾ ಎಂಬ ಮಾತೇ.

ಏನೂ ಇಳಿಸದೆ, ಮೊದಲ ಕೋರಿಕೆಗೇ 429 ಬಂದರೆ ತಪ್ಪು ನಿಮ್ಮದಲ್ಲದಿರಬಹುದು. ಮೊಬೈಲ್ ನೆಟ್‌ವರ್ಕ್‌ಗಳಲ್ಲಿ ನೂರಾರು ಜನ ಒಂದೇ ಐಪಿ ವಿಳಾಸ ಹಂಚಿಕೊಂಡಿರುವುದುಂಟು, ಸರ್ವರ್‌ನ ಲೆಕ್ಕದಲ್ಲಿ ಅವರೆಲ್ಲ ಒಬ್ಬರೇ. ಮನೆಯ ಬ್ರಾಡ್‌ಬ್ಯಾಂಡ್‌ನಲ್ಲಿ ಅದೇ ಒಂದು ಫೈಲ್ ಸಲೀಸಾಗಿ ಬಂದರೆ ಕಾರಣ ಇದೇ ಇರಬೇಕು. ವಿಪಿಎನ್ ಹಾಕಿದರೂ ಅಲ್ಲೂ ವಿಳಾಸ ಹಂಚಿಕೆಯದೇ, ಎಷ್ಟೋ ಸಲ ಪರಿಸ್ಥಿತಿ ಇನ್ನೂ ಹದಗೆಡುತ್ತದೆ.

ಹೆಸರು ಹೇಳಿ, ನಿಧಾನವಾಗಿ ಕೇಳಿ, ಲಿಂಕ್ ಸರಿಯಿದೆಯೆಂದು ನೋಡಿದ ಮೇಲೂ 403 ಬಿಡದಿದ್ದರೆ ಟೂಲನ್ನು ನಿಲ್ಲಿಸಿ ಸೈಟ್ ನಡೆಸುವವರಿಗೆ ಬರೆಯಬೇಕು. ಆ ಪತ್ರದಲ್ಲಿ ಇರಬೇಕಾದದ್ದು ಇಷ್ಟೇ: ತಡೆಗೊಂಡ ಒಂದು ವಿಳಾಸ, ಗಂಟೆ ನಿಮಿಷದ ಸಮೇತ ಸಮಯ, ನಿಮ್ಮ ಐಪಿ, `-U`ನಲ್ಲಿ ಕೊಟ್ಟ ಹೆಸರು, ಮತ್ತು `answer.txt` ಫೈಲಿನಲ್ಲಿ ಬಂದ ಮಾತು ಇದ್ದ ಹಾಗೇ.